20ನೇ ತಾರೀಖಿನ ಹಲ್ಲುನೋವು

ಆ ಹಲ್ಲಿಗೆ ರೂಟ್ ಕೆನಾಲ್ ಮಾಡಿದ್ದು ನಾನೇ. ಬಸವನಗುಡಿಯಲ್ಲಿ ಕ್ಲಿನಿಕ್ ತೆರೆದು ಇನ್ನೂ ಎರಡು ವರ್ಷ ಆಗಿತ್ತಷ್ಟೆ. ಬಂದವರು ಚಾಮರಾಜಪೇಟೆಯ ಒಂದು ಆಡಿಟರ್ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್ಸ್ ನೋಡಿಕೊಳ್ಳುವವರು, ವಯಸ್ಸು 34. ಬಲಗಡೆ ಕೆಳಗಿನ ದವಡೆಹಲ್ಲು ನೋವು, ಕಿವಿಯೊಳಗೂ ಎಳೆತ, ಜೊತೆಗೆ ಕತ್ತು ಹಿಡಿದುಕೊಂಡಿದೆ ಅಂದರು. ಕಿವಿಗೆ ಅಂತ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ, "ಕಿವಿ ಚೆನ್ನಾಗಿದೆ, ಹಲ್ಲು ತೋರಿಸಿ" ಅನ್ನಿಸಿಕೊಂಡು ಬಂದಿದ್ದರು.

ಹಲ್ಲಿನಲ್ಲಿ ಹಳೇ ದೊಡ್ಡ ಫಿಲ್ಲಿಂಗ್ ಇತ್ತು. ಕನ್ನಡಿಯ ಹಿಡಿಯಿಂದ ತಟ್ಟಿದರೆ ನೋವು. ಆದರೆ ಎಕ್ಸ್‌ರೇಯಲ್ಲಿ ಬೇರಿನ ತುದಿ ಸರಿಯಾಗೇ ಇತ್ತು. ತಣ್ಣನೆಯ ಹತ್ತಿ ಇಟ್ಟಾಗ ಜುಮ್ ಅಂದು ಎರಡು ಸೆಕೆಂಡಿನಲ್ಲಿ ಹೋಯಿತು. ಒಳಗಿನ ನರ ಕೆಟ್ಟಿದ್ದರೆ ಆ ಜುಮ್ ಅಷ್ಟು ಬೇಗ ಹೋಗುವುದಿಲ್ಲ, ಹತ್ತಿ ತೆಗೆದ ಮೇಲೂ ಹಿಡಿದುಕೊಂಡಿರುತ್ತದೆ. ಇದು ನನಗೆ ಗೊತ್ತಿತ್ತು. ಆದರೂ ಹಳೇ ಫಿಲ್ಲಿಂಗ್ ಕಣ್ಣೆದುರಿಗಿತ್ತು, ತಟ್ಟಿದರೆ ನೋವಿತ್ತು, ರೋಗಿ "ಏನಾದ್ರೂ ಮಾಡಿ ಡಾಕ್ಟ್ರೇ" ಅನ್ನುತ್ತಿದ್ದರು. ಹಲ್ಲು ತೆರೆದೆ. ಒಂದು ವಾರ ನೋವು ಇಳಿಯಿತು, ನನಗೂ ಸಮಾಧಾನವಾಯಿತು.

ಮುಂದಿನ ತಿಂಗಳು ಮತ್ತೆ ಬಂದರು. ಈ ಸಲ ಅದೇ ಬದಿಯ ಮೇಲಿನ ಹಲ್ಲು. ಅದಕ್ಕೆ ಫಿಲ್ಲಿಂಗೂ ಇಲ್ಲ, ಹುಳುಕೂ ಇಲ್ಲ. ಆಗ ಮಾಡಿದ ಕೆಲಸವನ್ನು ಮೊದಲೇ ಮಾಡಬೇಕಿತ್ತು. ಆ ಹಲ್ಲಿನ ಪಕ್ಕ ಸ್ವಲ್ಪ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷ ಕಾದೆ. ತಟ್ಟಿದರೆ ಗೊತ್ತಾಗುತ್ತಿಲ್ಲ ಅಂದರು, "ಆದ್ರೆ ನೋವು ಹಾಗೇ ಇದೆ." ಹಲ್ಲು ಮರಗಟ್ಟಿದ ಮೇಲೂ ನೋವು ಉಳಿದಿದ್ದರೆ ಅದು ಬೇರೆಲ್ಲಿಂದಲೋ ಬರುತ್ತಿದೆ. ಹಲ್ಲು ಕಚ್ಚಲು ಹೇಳಿ, ಕೆನ್ನೆಯಲ್ಲಿ ಉಬ್ಬುವ ಸ್ನಾಯುವನ್ನು (ಅದರ ಹೆಸರು ಮ್ಯಾಸೆಟರ್) ಗುರುತು ಮಾಡಿಕೊಂಡು, ಸಡಿಲ ಬಿಡಿಸಿ, ಬೆರಳಿನಿಂದ ಐದು ಸೆಕೆಂಡ್ ಒತ್ತಿ ಹಿಡಿದೆ. ಕುರ್ಚಿಯಲ್ಲೇ ಬೆಚ್ಚಿದರು. "ಇದೇ, ಇದೇ! ಹಲ್ಲಿಗೆ ಹೋಗ್ತಿದೆ." ಭುಜದಿಂದ ಕತ್ತಿಗೆ ಏರುವ ಸ್ನಾಯುವನ್ನು ಚಿವುಟಿದಾಗ ನೋವು ಹಣೆಯ ಪಕ್ಕದವರೆಗೆ ಹೋಯಿತು. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚುಗಳು ಸಾಲಾಗಿ ಬಿದ್ದಿದ್ದವು, ಕೆನ್ನೆಯ ಒಳಗೆ ಬಿಳಿ ಗೆರೆ. ಹಲ್ಲು ಕಚ್ಚುವವರಲ್ಲಿ ಇವು ಸಾಮಾನ್ಯ. ತಟ್ಟಿದರೆ ನೋವಾಗುತ್ತಿದ್ದದ್ದೂ ಇದರಿಂದಲೇ. ದಿನವಿಡೀ ಒತ್ತಿದರೆ ಹಲ್ಲನ್ನು ಹಿಡಿದಿರುವ ನಾರು ನೊಂದಿರುತ್ತದೆ.

ಆಮೇಲೆ ಕಾರ್ಡ್ ತಿರುಗಿಸಿ ನೋಡಿದೆ. ಬಂದ ತಾರೀಖುಗಳು 10, 19, ಮತ್ತೆ 20. ತೋರಿಸಿದ್ದೇ ಅವರು ನಕ್ಕರು. ಪ್ರತಿ ತಿಂಗಳು GSTR-1 ರಿಟರ್ನ್‌ಗೆ 11 ಕೊನೆ ದಿನ, GSTR-3Bಗೆ 20.

ಅವರ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲೇ ತೆರೆಸಿ, ಕೆಲಸ ಮಾಡಿ ತೋರಿಸಿ ಅಂದೆ. ಎರಡೇ ನಿಮಿಷ ಸಾಕಾಯಿತು. ಗಲ್ಲ ಮುಂದಕ್ಕೆ ಬಂತು, ಫೋನು ಭುಜಕ್ಕೂ ಕಿವಿಗೂ ಮಧ್ಯೆ ಸೇರಿತು, ಪೋರ್ಟಲ್ ತೆರೆಯದೆ ಚಕ್ರ ತಿರುಗುತ್ತಿದ್ದಾಗ ಕೆನ್ನೆ ಗಟ್ಟಿಯಾಗಿ ನಿಂತಿತು. "ನೀವೀಗ ಹಲ್ಲು ಕಚ್ಚಿದೀರಿ" ಅಂದರೆ "ಇಲ್ವಲ್ಲ" ಅಂದು, ತಾವೇ ಕೆನ್ನೆ ಮುಟ್ಟಿ ನೋಡಿಕೊಂಡು ಸುಮ್ಮನಾದರು.

ನೀವೂ ಒಮ್ಮೆ ನೋಡಿ. ಗಲ್ಲ ಮುಂದಕ್ಕೆ ಚಾಚಿ ಮೆಲ್ಲಗೆ ಹಲ್ಲು ಸೇರಿಸಿ. ಈಗ ಗಲ್ಲ ಒಳಗೆಳೆದುಕೊಂಡು ಮತ್ತೆ ಸೇರಿಸಿ. ಬಹುತೇಕರಿಗೆ ಹಲ್ಲು ತಗಲುವ ಜಾಗವೇ ಬದಲಾಗುತ್ತದೆ. ತಲೆ ಮುಂದೆ ಹೋದಾಗ ಗಂಟಲ ಕಡೆಯ ಸ್ನಾಯುಗಳು ಕೆಳದವಡೆಯನ್ನು ಹಿಂದಕ್ಕೆ, ಕೆಳಕ್ಕೆ ಎಳೆಯುತ್ತವೆ. ಬಾಯಿ ಮುಚ್ಚಿಟ್ಟುಕೊಳ್ಳಲು ಕೆನ್ನೆಯ ಸ್ನಾಯು ಹೆಚ್ಚು ದುಡಿಯಬೇಕಾಗುತ್ತದೆ. ಹಾಗಂತ ಎಲ್ಲಾ ತಪ್ಪನ್ನೂ ಕೂರುವ ಭಂಗಿಯ ಮೇಲೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಕತ್ತು ಚಾಚಿ ಕೂತು ಏನೂ ನೋವಿಲ್ಲದವರು ಬೇಕಾದಷ್ಟು ಜನ ಇದ್ದಾರೆ. ಅಲ್ಲಾಡದೆ ಗಂಟೆಗಟ್ಟಲೆ ಹಾಗೇ ಇರುವುದು, ಜೊತೆಗೆ ಕಚ್ಚುವುದು, ಇವೆರಡೂ ಸೇರಿದರೆ ತೊಂದರೆ.

ಅವರಿಗೆ ಹೇಳಿದ ಮುಖ್ಯ ಕೆಲಸ ಒಂದೇ. ಊಟ ಮಾಡದಿರುವಾಗ, ಉಗುಳು ನುಂಗದಿರುವಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಗಲಬಾರದು. ಇಡೀ ದಿನ ಲೆಕ್ಕ ಹಾಕಿದರೂ ಹಲ್ಲು ಸೇರಬೇಕಾದದ್ದು ಸುಮಾರು 20 ನಿಮಿಷ ಅಷ್ಟೆ. "ಲಾ" ಅನ್ನುವಾಗ ನಾಲಿಗೆಯ ತುದಿ ಎಲ್ಲಿ ತಗಲುತ್ತದೋ ಅಲ್ಲಿ ಒತ್ತದೆ ಇಟ್ಟು, ತುಟಿ ಮುಚ್ಚಿ, ಹಲ್ಲು ಬಿಡಿಸಿ, ಮೂಗಿನಿಂದ ಉಸಿರು ಬಿಟ್ಟರೆ ಭುಜವೂ ಇಳಿಯುತ್ತದೆ. ಇದು ನೆನಪಾಗಲು ಸ್ಕ್ರೀನಿನ ಮೂಲೆಗೆ ಏನಾದರೂ ಅಂಟಿಸಿ ಅಂದೆ. ಹಣೆಯ ಸ್ಟಿಕ್ಕರ್ ಬೊಟ್ಟನ್ನೇ ತೆಗೆದು ಅಂಟಿಸಿದರು. ಮೊದಲ ದಿನ ಬೊಟ್ಟು ನೋಡಿದಾಗೆಲ್ಲ ಹಲ್ಲು ಕಚ್ಚಿಯೇ ಇತ್ತಂತೆ.

ಉಳಿದದ್ದು ಸಣ್ಣಪುಟ್ಟದ್ದು. ಎರಡು ದಪ್ಪ ಟ್ಯಾಕ್ಸ್ ಪುಸ್ತಕ ಇಟ್ಟು ಲ್ಯಾಪ್‌ಟಾಪಿನ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತಂದು, ಬೇರೆ ಕೀಬೋರ್ಡ್ ಹಾಕಿದರು. ಫೋನಿಗೆ ಇಯರ್‌ಫೋನ್. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲುವುದು. ಸಂಜೆ ಬಿಸಿನೀರಲ್ಲಿ ಹಿಂಡಿದ ಟವೆಲ್ ಕೆನ್ನೆಗೂ ಕತ್ತಿಗೂ 15 ನಿಮಿಷ. ಎರಡು ವಾರ ಚಕ್ಕುಲಿ, ಕೋಡುಬಳೆ, ಕಬ್ಬು, ಅಡಿಕೆ, ಚ್ಯೂಯಿಂಗ್ ಗಮ್ ಇಲ್ಲ. ಮುದ್ದೆ ಬೇಕಾದಷ್ಟು ತಿನ್ನಿ, ಅದನ್ನು ಹೇಗೂ ಅಗಿಯುವುದಿಲ್ಲ ಅಂದೆ. ಆಕಳಿಸುವಾಗ ಗಲ್ಲದ ಕೆಳಗೆ ಕೈ.

ರಾತ್ರಿ ಹಲ್ಲು ಕಡಿಯುವ ಸದ್ದು ಬರುತ್ತದೆ ಅಂತ ಮನೆಯವರು ಹೇಳಿದ್ದರಿಂದ ಅಚ್ಚು ತೆಗೆದು ಗಟ್ಟಿ ನೈಟ್ ಗಾರ್ಡ್ ಮಾಡಿಕೊಟ್ಟೆ. ಅದು ಕಚ್ಚುವುದನ್ನು ನಿಲ್ಲಿಸುವುದಿಲ್ಲ, ಹಲ್ಲು ಸವೆಯದಂತೆ ಕಾಯುತ್ತದೆ. ಆನ್‌ಲೈನಿನಲ್ಲಿ ಸಿಗುವ ಮೆತ್ತನೆಯದನ್ನು ಕೆಲವರು ನಿದ್ದೆಯಲ್ಲಿ ಜಗಿಯುತ್ತಲೇ ಇರುತ್ತಾರೆ. ನೋವಿಗೆ ಅಂತ ಹಲ್ಲು ಉಜ್ಜಿ ಕಚ್ಚುವ ಹೊಂದಾಣಿಕೆ ಬದಲಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಕತ್ತಿಗೆ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದೆ. ಬಂದಾಗ ಬಾಯಿ 32 ಮಿಲಿಮೀಟರ್ ತೆರೆಯುತ್ತಿತ್ತು, ಆರು ವಾರಕ್ಕೆ 41 ಆಯಿತು. ಮನೆಯಲ್ಲಿ ಅಳೆಯಲು ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಹಾಕಿ ನೋಡಿ. ಮೂರು ಹೋಗಬೇಕು. ಹೋಗದಿದ್ದರೆ, ಅದರಲ್ಲೂ ಅಡಿಕೆ, ಗುಟ್ಕಾ ಅಭ್ಯಾಸವಿದ್ದು ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ, ಕಚ್ಚುವ ಅಭ್ಯಾಸ ಅಂದುಕೊಂಡು ಕೂರಬೇಡಿ. ಅದು ಬಾಯಿಯ ಒಳಪದರ ಗಟ್ಟಿಯಾಗುವ ಕಾಯಿಲೆ ಇರಬಹುದು, ಮುಂದೆ ಕ್ಯಾನ್ಸರ್‌ಗೆ ತಿರುಗುವ ಅಪಾಯವಿದೆ. ಇಂಥದ್ದಕ್ಕೂ, ಹಲ್ಲಿನಲ್ಲಿ ಕಾರಣ ಸಿಗದ ದವಡೆ ನೋವಿಗೂ ಡೆಂಟಲ್ ಕಾಲೇಜುಗಳಲ್ಲಿ ಓರಲ್ ಮೆಡಿಸಿನ್ ಅನ್ನುವ ವಿಭಾಗವೇ ಇದೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಸರ್ಕಾರಿ ಡೆಂಟಲ್ ಕಾಲೇಜಿಗೂ ಹೋಗಬಹುದು. ಬಾಯಿ ತೆರೆದು ಮುಚ್ಚಲು ಬಾರದೆ ಸಿಕ್ಕಿಕೊಂಡರೆ ದವಡೆಯ ಸರ್ಜನ್. ಕೈ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ ಕತ್ತಿನ ನರದ ವಿಷಯ, ಮೂಳೆ ಅಥವಾ ನರರೋಗ ತಜ್ಞರಿಗೆ ತೋರಿಸಬೇಕು. 50 ದಾಟಿದವರಿಗೆ ಹೊಸದಾಗಿ ಹಣೆಯ ಪಕ್ಕದಲ್ಲಿ ನೋವು, ಅಗಿದಂತೆಲ್ಲ ದವಡೆ ಸೋಲು, ಕಣ್ಣು ಮಂಜು ಇದ್ದರೆ ಅದೇ ದಿನ ಆಸ್ಪತ್ರೆಗೆ. ಮೆಟ್ಟಿಲು ಹತ್ತುವಾಗ ಬಂದು ಕೂತರೆ ಹೋಗುವ ದವಡೆ ನೋವು ಹೃದಯದ್ದಿರಬಹುದು. ಎದೆ ಬಿಗಿತ, ಬೆವರು ಜೊತೆಗಿದ್ದರೆ ಡೆಂಟಿಸ್ಟ್ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ.

ಅವರ ನೋವು ಪೂರ್ತಿ ಹೋಗಿಲ್ಲ. 20ರ ಆಸುಪಾಸಿನಲ್ಲಿ ಒಂದು ದಿನ ಇಣುಕುತ್ತದಂತೆ. ರೂಟ್ ಕೆನಾಲ್ ಮಾಡಿದ ಹಲ್ಲಿಗೆ ಕ್ಯಾಪ್ ಹಾಕಿದ ದಿನ ಪರ್ಸ್ ತೆಗೆದರು, ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಯಾಕೆ ಅಂತ ಕೇಳಿದರು. ಆ ತಣ್ಣನೆಯ ಹತ್ತಿಯ ವಿಷಯ ಆಗ ಹೇಳಿದೆ.