ಪ್ರೊ ಬೋನೊ: ಉದುರಿಹೋದ ಮೂರನೆಯ ಪದ

"ಪ್ರೊ ಬೋನೊ ಅಂದ್ರೆ ಪುಕ್ಕಟೆ ಅಂತ ತಾನೇ ಲಾಯರ್ರೇ? ಹಾಗಾದ್ರೆ ನಮ್ದೂ ಒಂದು ಕೇಸು ಹಾಗೇ ಮಾಡಿಕೊಡಿ."

ಅಲ್ಲ. ಲ್ಯಾಟಿನ್ ಭಾಷೆಯ ಆ ಮಾತು ಪೂರ್ತಿಯಾಗಿ 'ಪ್ರೊ ಬೋನೊ ಪಬ್ಲಿಕೊ', ಸಾರ್ವಜನಿಕರ ಒಳಿತಿಗಾಗಿ ಎಂದು ಅದರ ಅರ್ಥ. ಬಳಕೆಯಲ್ಲಿ ಮೂರನೆಯ ಪದ ಉದುರಿಹೋಗಿದೆ, ಅದರೊಂದಿಗೆ ಅರ್ಥವೂ ಹೋಗಿದೆ. ದುಡ್ಡಿನ ಪ್ರಸ್ತಾಪವೇ ಅದರಲ್ಲಿಲ್ಲ. ಶುಲ್ಕ ಕೊಡಲಾಗದವನಿಗೂ ವಕೀಲರ ನೆರವು ಪಡೆಯುವ ಹಕ್ಕಿದೆ, ತನ್ನ ಆರ್ಥಿಕ ಮಿತಿಯೊಳಗೆ ಬಡವರಿಗೆ ಉಚಿತ ನೆರವು ನೀಡುವುದು ವಕೀಲನ ಅತ್ಯುನ್ನತ ಹೊಣೆಗಳಲ್ಲಿ ಒಂದು ಎಂದು ಭಾರತೀಯ ವಕೀಲರ ಪರಿಷತ್ತಿನ 46ನೇ ನಿಯಮ ಹೇಳುತ್ತದೆ. ಶಿವಮೊಗ್ಗದ ಕಲ್ಯಾಣ ಮಂಟಪದ ಊಟದ ಪಂಕ್ತಿಯಲ್ಲಿ ನನ್ನನ್ನು ಈ ಪ್ರಶ್ನೆ ಕೇಳಿದವರಿಗೆ ಐದು ಎಕರೆ ಅಡಿಕೆ ತೋಟವಿದೆ. ಪರಿಚಯಸ್ಥರಿಗೆ ಮಾಡುವ ಶುಲ್ಕದ ರಿಯಾಯಿತಿಗೂ ಈ ನಿಯಮಕ್ಕೂ ಯಾವ ಸಂಬಂಧವೂ ಇಲ್ಲವೆಂದು ಅವರಿಗೆ ಅಲ್ಲಿಯೇ ಹೇಳಿದೆ, ಈಗ ಬರೆದೂ ಇಡುತ್ತಿದ್ದೇನೆ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಸಿಗುವ ನೆರವನ್ನೂ ಜನ ಪ್ರೊ ಬೋನೊ ಎಂದೇ ಕರೆಯುತ್ತಾರೆ. ಅಲ್ಲಿನ ಪ್ಯಾನಲ್ ವಕೀಲರಿಗೆ ಪ್ರಾಧಿಕಾರವೇ ಗೌರವಧನ ಕೊಡುತ್ತದೆ. ಅದು ಸಂವಿಧಾನದ 39ಎ ವಿಧಿಯ ಮೇಲೆ ನಿಂತ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿರುವ ಹಕ್ಕು. ನಾನು ಸ್ವಂತ ನಿರ್ಧಾರದಿಂದ ಶುಲ್ಕವಿಲ್ಲದೆ ವಕಾಲತ್ತು ಹಾಕಿದರೆ ಮಾತ್ರ ಅದು ಪ್ರೊ ಬೋನೊ. ಕಕ್ಷಿದಾರರ ಪಾಲಿಗೆ ಈ ಎರಡರ ನಡುವೆ ಎಷ್ಟು ಅಂತರವಿದೆ ಎಂಬುದನ್ನು ನಾನು ಒಂದು ಪಾಲಿನ ದಾವೆಯಲ್ಲಿ ಕಲಿತೆ.

ತೀರ್ಥಹಳ್ಳಿ ಕಡೆಯ ಒಬ್ಬ ವಿಧವೆ ತಾಯಿ ನನ್ನ ಬಳಿ ಬಂದಿದ್ದರು. ಇಬ್ಬರು ಅಣ್ಣಂದಿರು, ಇವರು ಒಬ್ಬರೇ ತಂಗಿ. ತಂದೆಯ ಕಾಲದ ಎರಡು ಎಕರೆ ತೋಟ, ಒಂದು ಹಂಚಿನ ಮನೆ. ಕೂಲಿಯೇ ಅವರ ಜೀವನಾಧಾರವಾಗಿತ್ತು. ಶುಲ್ಕ ಬೇಡ ಎಂದು ಹೇಳಿ ದಾವೆ ಹೂಡಿದೆ. ಕುಟುಂಬದ ಆಸ್ತಿಯಲ್ಲಿ ಜಂಟಿ ಸ್ವಾಧೀನವಿದೆ ಎಂದು ಪಾಲು ಕೇಳುವ ದಾವೆಗೆ ಕರ್ನಾಟಕದಲ್ಲಿ ಕೋರ್ಟ್ ಫೀ, ಆಸ್ತಿ ಎಷ್ಟೇ ಬೆಲೆಯದ್ದಾದರೂ, ಹೆಚ್ಚೆಂದರೆ ಇನ್ನೂರು ರೂಪಾಯಿ. ಆದ್ದರಿಂದ ಖರ್ಚಿನ ಯೋಚನೆಯೇ ನನಗೆ ಬರಲಿಲ್ಲ. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ 2005ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಗೆ ಮುಂಚೆಯೇ ತಂದೆ ತೀರಿಕೊಂಡಿದ್ದರಿಂದ ಮಗಳಿಗೆ ಸಮಪಾಲಿಲ್ಲ ಎಂಬುದು ಅಣ್ಣಂದಿರ ವಾದವಾಗಿತ್ತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ತೀರ್ಮಾನಿಸಿದ ಮೇಲೆ ಆ ವಾದ ಬಿದ್ದುಹೋಯಿತು. ಮೂರನೆಯ ಒಂದು ಪಾಲಿಗೆ ಪ್ರಾಥಮಿಕ ಡಿಕ್ರಿ ಆಯಿತು. ಆ ತಾಯಿ ಡಿಕ್ರಿಯ ನಕಲನ್ನು ಮಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಸೆರಗಿನ ಒಳಗಿಟ್ಟುಕೊಂಡು ಹೋದರು.

ಡಿಕ್ರಿ ಬಂದರೆ ಪಾಲು ಕೈಗೆ ಬಂತೆಂದು ಊರವರು ತಿಳಿಯುತ್ತಾರೆ. ಪ್ರಾಥಮಿಕ ಡಿಕ್ರಿ ಯಾರಿಗೆ ಎಷ್ಟು ಎಂದಷ್ಟೇ ಹೇಳುತ್ತದೆ, ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವುದು ಅಂತಿಮ ಡಿಕ್ರಿ. ಕರ್ನಾಟಕದಲ್ಲಿ ಕಂದಾಯದ ಜಮೀನನ್ನು ಹಂಚುವುದು ಕೋರ್ಟೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿಗೆ ರಾಜ್ಯ ಮಾಡಿಕೊಂಡ ತಿದ್ದುಪಡಿಯಂತೆ, ಅಗತ್ಯವಿದ್ದರೆ ಅದಕ್ಕಾಗಿ ಕಂದಾಯ ಅಧಿಕಾರಿಯ ಅಥವಾ ಕಮಿಷನರ್‌ರ ವರದಿಯನ್ನು ತರಿಸಿಕೊಳ್ಳುತ್ತದೆ. ಮನೆಯನ್ನು ಭಾಗ ಮಾಡಲು ಕೋರ್ಟ್ ಒಬ್ಬ ಕಮಿಷನರ್‌ರನ್ನು ನೇಮಿಸುತ್ತದೆ, ಅವರ ಶುಲ್ಕವನ್ನು ಅರ್ಜಿದಾರರು ಮುಂಚಿತವಾಗಿ ಕಟ್ಟಬೇಕು. ನಮಗೆ ನಿಗದಿಯಾದದ್ದು ಆರು ಸಾವಿರ ರೂಪಾಯಿ. ಮುಂದೆ ಅಂತಿಮ ಡಿಕ್ರಿಯನ್ನು ಬರೆಯಲು ಛಾಪಾ ಕಾಗದವನ್ನೂ ನಾವೇ ಒದಗಿಸಬೇಕಿತ್ತು.

ಆ ತಾಯಿ ನಂತರದ ಎರಡು ವಾಯಿದೆಗೆ ಬರಲಿಲ್ಲ. ಮೂರನೆಯದಕ್ಕೆ ಬಂದವರು ಬೆಂಚಿನ ತುದಿಯಲ್ಲಿ ಕುಳಿತು, "ನೀವು ದುಡ್ಡು ಬೇಡ ಅಂದಿದ್ರಿ, ಇದೂ ಅದರಲ್ಲೇ ಸೇರಿದೆ ಅಂದ್ಕೊಂಡಿದ್ದೆ ಅಯ್ಯಾ," ಎಂದರು. ಅವರ ಊರಿಗೆ ಓಡುವುದು ಖಾಸಗಿ ಬಸ್ಸು ಮಾತ್ರ. ಹೆಂಗಸರ ಉಚಿತ ಪ್ರಯಾಣದ ಶಕ್ತಿ ಯೋಜನೆ ಇರುವುದು ಸರ್ಕಾರಿ ಬಸ್ಸಿಗೆ. ಪ್ರತಿ ವಾಯಿದೆಗೂ ಅವರಿಗೆ ಬಸ್ ಚಾರ್ಜು ಹೋಗುತ್ತಿತ್ತು, ಒಂದು ದಿನದ ಕೂಲಿಯೂ ಹೋಗುತ್ತಿತ್ತು. ಇಷ್ಟು ವರ್ಷಗಳಲ್ಲಿ ನಾನು ಅದನ್ನು ಒಮ್ಮೆಯೂ ವಿಚಾರಿಸಿರಲಿಲ್ಲ.

ಆಗ ನನಗೆ ಹೊಳೆದದ್ದು ಮೊದಲ ದಿನವೇ ತಿಳಿದಿರಬೇಕಾಗಿದ್ದ ವಿಷಯ. 1987ರ ಕಾಯ್ದೆಯ 12ನೇ ಕಲಮು ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೆಂದು ನೋಡದೆ ಉಚಿತ ಕಾನೂನು ಸೇವೆಯ ಹಕ್ಕು ಕೊಟ್ಟಿದೆ. ಆ ಸೇವೆಯಲ್ಲಿ ವಕೀಲರಷ್ಟೇ ಅಲ್ಲ, ಕೋರ್ಟ್ ಫೀ, ನೋಟಿಸ್ ಜಾರಿಯ ಪ್ರೋಸೆಸ್ ಫೀ, ದೃಢೀಕೃತ ನಕಲಿನ ಖರ್ಚು, ದಾವೆ ನಡೆಸಲು ಬೀಳುವ ಇತರ ವೆಚ್ಚಗಳೂ ಸೇರುತ್ತವೆ. ನಾನು ಬಿಟ್ಟುಕೊಟ್ಟದ್ದು ನನ್ನ ಶುಲ್ಕವನ್ನು ಮಾತ್ರ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಡಿಸಿದ್ದರೆ ಆಕೆಗೆ ಸಿಗಬಹುದಾಗಿದ್ದದ್ದನ್ನೆಲ್ಲ, ನನ್ನ ಔದಾರ್ಯದ ಮೇಲಿನ ನಂಬಿಕೆಯಿಂದ, ನಾನೇ ತಪ್ಪಿಸಿದ್ದೆ.

ಹಣವನ್ನು ನಾನೇ ಕೊಟ್ಟುಬಿಡಬಹುದಿತ್ತಲ್ಲ ಎಂದು ಕೇಳುವವರೂ ಇದ್ದಾರೆ. ಮೊಕದ್ದಮೆ ನಡೆಸುವುದಕ್ಕಾಗಿ ವಕೀಲನು ಕಕ್ಷಿದಾರನಿಗೆ ಸಾಲ ಕೊಡಬಾರದು ಎಂಬುದು ಪರಿಷತ್ತಿನ 32ನೇ ನಿಯಮ. ಮೊದಲೇ ಒಪ್ಪಂದವಿಲ್ಲದೆ, ನಡೆಯುತ್ತಿರುವ ದಾವೆಯಲ್ಲಿ ಕೋರ್ಟಿನ ನಿಯಮದಿಂದಾಗಿ ಹಣ ಕಟ್ಟಲೇಬೇಕಾದ ಒತ್ತಡ ಬಂದರೆ ಮಾತ್ರ ಅದಕ್ಕೆ ವಿನಾಯಿತಿ ಇದೆ. ಆ ವಿನಾಯಿತಿಯಡಿ ಕಮಿಷನರ್ ಶುಲ್ಕವನ್ನು ನಾನು ಕಟ್ಟಿದೆ. ಸಾಕಷ್ಟು ಕಾರಣವಿಲ್ಲದೆ, ಮುನ್ಸೂಚನೆ ಕೊಡದೆ ಒಪ್ಪಿಕೊಂಡ ಕೇಸನ್ನು ಬಿಡಬಾರದೆಂಬ ನಿಯಮವೂ ಇದೆ, ಅದು ಶುಲ್ಕ ಪಡೆದ ಕೇಸಿಗೊಂದು, ಪಡೆಯದ್ದಕ್ಕೊಂದು ಎಂದು ಭೇದ ಮಾಡುವುದಿಲ್ಲ. ಶುಲ್ಕ ಕೊಡುವವರ ಕೇಸು ಇದ್ದ ದಿನ ಬಡವರ ಕೇಸಿಗೆ ಮುಂದಿನ ವಾಯಿದೆ ಕೇಳುವ ವಕೀಲರನ್ನು ನಾನು ಬಲ್ಲೆ, ಅದು ನನಗೆ ಸಿಟ್ಟು ತರಿಸುತ್ತದೆ.

ನನ್ನನ್ನು ಯಾರಾದರೂ "ನಿಮ್ಮ ಶುಲ್ಕ ಬಿಟ್ಟರೆ ಉಳಿದದ್ದನ್ನು ಯಾರು ಕೊಡುತ್ತಾರೆ?" ಎಂದು ಕೇಳಬೇಕೆಂದು ನನ್ನಾಸೆ. ಈ ಪ್ರಶ್ನೆಯನ್ನು ನನಗಿಂತ ಮೊದಲು ಕೇಳಬಲ್ಲವರು ಊರಿನಲ್ಲೇ ಇರುವ ಅರೆ ಕಾನೂನು ಸ್ವಯಂಸೇವಕರು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2009ರ ಯೋಜನೆಯಡಿ ತರಬೇತಿ ಪಡೆದ ಇವರಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ಮೇಷ್ಟ್ರುಗಳು, ಕಾನೂನು ವಿದ್ಯಾರ್ಥಿಗಳು ಇರುತ್ತಾರೆ. ಕೆಲಸ ಮಾಡಿದ ದಿನಕ್ಕೆ ಸಣ್ಣ ಗೌರವಧನ ಇವರಿಗಿದೆ. ಇವರು ಕೋರ್ಟಿನಲ್ಲಿ ವಾದ ಮಾಡುವಂತಿಲ್ಲ, ವಕೀಲರಂತೆ ಕಕ್ಷಿದಾರರಿಂದ ದುಡ್ಡು ಪಡೆಯುವಂತಿಲ್ಲ. ದುಡ್ಡು ಕೇಳುವವರಿದ್ದರೆ ತಕ್ಷಣ ಸಮಿತಿಗೆ ದೂರು ಕೊಡಬೇಕು. ಆದರೆ ಅರ್ಜಿ ತುಂಬಿಸಿ, ಪಹಣಿ ಮತ್ತು ವಂಶವೃಕ್ಷದ ಪ್ರತಿ ಜೋಡಿಸಿ, ತಾಲ್ಲೂಕು ಕಚೇರಿಯ ಬಾಗಿಲು ತೋರಿಸುವ ಕೆಲಸ ಅವರದೇ. ಆ ತಾಯಿಯ ಊರಿನಲ್ಲೂ ಅಂಥ ಒಬ್ಬ ಹೆಣ್ಣುಮಗಳು ಇದ್ದಳು. ಆಕೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಕಮಿಷನರ್ ಮನೆಯ ಅಳತೆಗೆ ಬಂದ ದಿನ ಜೋರು ಮಳೆ. ಜಗಲಿಯಿಂದ ಹಿತ್ತಿಲಿನವರೆಗೆ ಟೇಪು ಹಿಡಿದುಕೊಂಡು ನಡೆದವರು ಆ ತಾಯಿಯೇ. ಈಗ ನನ್ನ ಕಚೇರಿಯಲ್ಲಿ ವಕಾಲತ್ತು ನಮೂನೆಯ ಮೇಲೆ ಕಾನೂನು ನೆರವಿನ ಅರ್ಜಿಗಳ ಕಟ್ಟು ಇರುತ್ತದೆ. ಕಕ್ಷಿದಾರರು ಮೊದಲು ಸಹಿ ಹಾಕುವುದು ಆ ಅರ್ಜಿಗೆ.