ಓಎಇ ಪಾಸ್ ಆಗಿದ್ದ ಮಗು

ಆಡಿಯಾಲಜಿಸ್ಟ್ ಆಗಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರನಿಗಾ ಘಟಕದಿಂದ ಬಂದ ಮಗುವೊಂದಕ್ಕೆ ಓಎಇ ಎಂಬ ಶ್ರವಣ ತಪಾಸಣೆ ಮಾಡಿ ‘ಪಾಸ್’ ಎಂದು ಬರೆದು ಕಳಿಸಿದೆ. ಕಾಮಾಲೆ ವಿಪರೀತ ಏರಿ ರಕ್ತ ಬದಲಾಯಿಸಿದ್ದರು ಅನ್ನುವುದು ಫೈಲಿನಲ್ಲೇ ಇತ್ತು. ಅಂಥ ಕಾಮಾಲೆ ಶ್ರವಣನರಕ್ಕೆ ಪೆಟ್ಟು ಕೊಡಬಹುದು. ಫೈಲನ್ನು ಓದಿಯೂ ಇದ್ದೆ.

ಒಂದೂವರೆ ವರ್ಷದ ನಂತರ ತಾಯಿ ಮತ್ತೆ ಬಂದರು. “ಕುಕ್ಕರ್ ಕೂಗಿದ್ರೆ ತಿರುಗ್ತಾನೆ ಮೇಡಂ. ಹೆಸರು ಹಿಡಿದು ಕರೆದ್ರೆ ಒಂದ್ಸಲ ನೋಡ್ತಾನೆ, ಒಂದ್ಸಲ ಇಲ್ಲ. ಇನ್ನೂ ಅಮ್ಮ ಅಂದಿಲ್ಲ.” ಮನೆಯವರು ಹಟ ಅಂದುಕೊಂಡಿದ್ದರಂತೆ.

ಓಎಇ ಈ ಸಲವೂ ಚೆನ್ನಾಗಿಯೇ ಬಂತು. ಅದು ಒಳಕಿವಿಯ ಹೊರ ಕೂದಲುಕೋಶಗಳು ಮರಳಿ ಕಳಿಸುವ ಸದ್ದು, ಅಷ್ಟೇ. ಅದರಾಚೆಗಿನ ಒಳ ಕೂದಲುಕೋಶ, ನರದ ಜೊತೆ ಅದು ಕೂಡುವ ಜಾಗ, ಶ್ರವಣನರ, ಇವು ಯಾವುದರ ಸುದ್ದಿಯೂ ಅದಕ್ಕೆ ಗೊತ್ತಿಲ್ಲ. ಮಗುವನ್ನು ಮಲಗಿಸಿ, ಸದ್ದಿಗೆ ಶ್ರವಣನರ ಮಿಡಿಯುವುದನ್ನು ಅಲೆಗಳಾಗಿ ತೋರಿಸುವ ಬೇರಾ ಪರೀಕ್ಷೆ ಮಾಡಿದೆ. 90 ಡೆಸಿಬೆಲ್‌ಗೂ ಅಲೆಗಳಿಲ್ಲ. ಶುರುವಿನಲ್ಲಿ ಮಾತ್ರ ಒಂದಿಷ್ಟು ಏರಿಳಿತ. ಕಿವಿಗೆ ಕೊಡುವ ಕ್ಲಿಕ್ ಸದ್ದಿನ ಪೊಲಾರಿಟಿ ಬದಲಿಸಿದರೆ ಆ ಏರಿಳಿತ ತಲೆಕೆಳಗಾಯಿತು. ಇಯರ್‌ಫೋನಿನ ಟ್ಯೂಬನ್ನು ಸದ್ದು ಕಿವಿ ಮುಟ್ಟದಂತೆ ಅದುಮಿ ಹಿಡಿದರೆ ಮಾಯವಾಯಿತು. ಅಂದರೆ ಅದು ಯಂತ್ರದ ಗದ್ದಲವಲ್ಲ, ಒಳಕಿವಿಯ ಕಾಕ್ಲಿಯಾದಿಂದಲೇ ಬರುತ್ತಿದ್ದ ಮೈಕ್ರೋಫೋನಿಕ್ ಎಂಬ ವಿದ್ಯುತ್ ಸಂಕೇತ. ಆಡಿಟರಿ ನ್ಯೂರೋಪತಿ: ಸದ್ದು ಒಳಕಿವಿಯವರೆಗೆ ಸರಿಯಾಗಿ ಮುಟ್ಟಿ, ಅಲ್ಲಿಂದ ನರದ ಹಾದಿಯಲ್ಲಿ ಕೆಡುವ ದೋಷ.

ಅಲೆಯೇ ಇಲ್ಲವೆಂದು ತೀವ್ರ ಕಿವುಡಿನ ಹಿಯರಿಂಗ್ ಏಡ್ ಬರೆಯಲು ಹೊರಟೆ. ಹಿರಿಯ ಸಹೋದ್ಯೋಗಿ ತಡೆದರು. ನರದ ಎಳೆಗಳು ಒಟ್ಟಿಗೆ ಮಿಡಿದರೆ ಮಾತ್ರ ಬೇರಾದಲ್ಲಿ ಅಲೆ ಮೂಡುತ್ತದೆ. ತಾಳ ತಪ್ಪಿ ಮಿಡಿದರೆ ಗೆರೆ ಚಪ್ಪಟೆ, ಆದರೂ ಸದ್ದು ಮುಟ್ಟುತ್ತಿರಬಹುದು. ಎಷ್ಟು ಕೇಳುತ್ತದೆ ಅನ್ನುವುದನ್ನು ಮಗುವಿನಿಂದಲೇ ತಿಳಿಯಬೇಕು. ಸದ್ದಿನ ಕಡೆ ತಿರುಗಿದಾಗ ಬೊಂಬೆಗೆ ದೀಪ ಹತ್ತಿಸಿ ತೋರಿಸುತ್ತಾ, ಮೂರು ಭೇಟಿಗಳಲ್ಲಿ ಪರೀಕ್ಷಿಸಿದೆವು. 45 ಡೆಸಿಬೆಲ್ ಆಸುಪಾಸಿಗೇ ತಿರುಗುತ್ತಿದ್ದ! ನಾನು ಬರೆಯಲಿದ್ದ ಏಡ್ ಅವನ ಕಿವಿಗೇ ಪೆಟ್ಟು ಕೊಡುತ್ತಿತ್ತು.

ಅವನಿಗೆ ಹೇಗೆ ಕೇಳುತ್ತಿರಬಹುದು ಅನ್ನುವುದು ನನಗೆ ಹೊಳೆದದ್ದು ಆಮೇಲೆ ಬಂದ ಒಬ್ಬ ಕಾಲೇಜು ಹುಡುಗಿಯಿಂದ. ಅವಳದ್ದೂ ಅದೇ ತೊಂದರೆ, ಹದಿನಾರರ ನಂತರ ಶುರುವಾದದ್ದು. ಆಡಿಯೋಗ್ರಾಮಿನಲ್ಲಿ ತಗ್ಗಿನ ಸ್ವರಗಳಲ್ಲಿ ಮಾತ್ರ ಸ್ವಲ್ಪ ಕೊರತೆ. ಆದರೆ ಸದ್ದಿಲ್ಲದ ಕೋಣೆಯಲ್ಲೇ 25 ಪದ ಹೇಳಿದರೆ ಸರಿಯಾಗಿ ತಿರುಗಿ ಹೇಳಿದ್ದು 7. “ಸ್ಟೇಷನ್ ಸರಿಯಾಗಿ ಸಿಗದ ರೇಡಿಯೋ ಥರ. ಯಾರೋ ಮಾತಾಡ್ತಿದಾರೆ ಅಂತ ಗೊತ್ತಾಗುತ್ತೆ, ಏನಂತ ಗೊತ್ತಾಗಲ್ಲ. ಫೋನಂತೂ ಎತ್ತೋದೇ ಇಲ್ಲ,” ಅಂದಳು. ಬೇರೆ ಕಡೆ ‘ಗಮನ ಕೊಡಲ್ಲ’ ಅಂತ ಬೈಸಿಕೊಂಡು ಬಂದಿದ್ದಳು. ಏಡ್ ಹಾಕಿ ನೋಡಿದರೆ ಅದೇ ಕಲಸು ಸದ್ದು, ಇನ್ನಷ್ಟು ಜೋರಾಗಿ. ತುಟಿ ನೋಡಿ ಗ್ರಹಿಸುವುದನ್ನು ತಾನೇ ಕಲಿತಿದ್ದಳು.

ಹುಡುಗನಿಗೆ ಅಳತೆಗೆ ತಕ್ಕ ಏಡ್ ಹಾಕಿ ಆರು ತಿಂಗಳು ಥೆರಪಿ ಕೊಟ್ಟೆವು. ಮಾತು ಬರಲಿಲ್ಲ. ಎಂಆರ್‌ಐನಲ್ಲಿ ನರ ಇರುವುದನ್ನು ಖಚಿತ ಮಾಡಿಕೊಂಡು ಕಾಕ್ಲಿಯರ್ ಇಂಪ್ಲಾಂಟ್‌ಗೆ ಕಳಿಸಿದೆವು. ಎಲ್ಲರಿಗೂ ಅದು ಕೈಹಿಡಿಯುವುದಿಲ್ಲ, ದೋಷ ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ. ಇವನಿಗೆ ಹಿಡಿಯಿತು.

ಈಗ ಎನ್‌ಐಸಿಯು ಮಕ್ಕಳಿಗೆ ಬೇರಾ ಸ್ಕ್ರೀನಿಂಗ್ ಆಗುವವರೆಗೆ ‘ಪಾಸ್’ ಅನ್ನುವ ಕಾಲಂ ಖಾಲಿ ಬಿಡುತ್ತೇನೆ.