ಪಂಪ್ ತಳ್ಳಿದ್ದೆಲ್ಲ ಮೈಗೆ ಸೇರಿದೆ ಎಂದಲ್ಲ

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಡಯಾಬಿಟಿಸ್ ಎಜುಕೇಟರ್ ಆಗಿ ನನ್ನ ಕೆಲಸ. ಟೈಪ್ 1 ಇರುವ ಮಕ್ಕಳಿಗೂ ದೊಡ್ಡವರಿಗೂ ಇನ್ಸುಲಿನ್ ಪಂಪ್ ಹಾಕಿ, ಬಳಸುವುದನ್ನು ಕಲಿಸುತ್ತೇನೆ. ಬಟನ್ ಒತ್ತುವುದನ್ನು ಎಲ್ಲರೂ ಒಂದೆರಡು ದಿನದಲ್ಲಿ ಕಲಿಯುತ್ತಾರೆ. ಆದರೆ ಪರದೆಯ ಮೇಲೆ ಕಾಣುವ ಅಂಕಿ ಪಂಪ್ ಎಷ್ಟು ತಳ್ಳಿತು ಎನ್ನುವುದನ್ನಷ್ಟೇ ಹೇಳುತ್ತದೆ, ಚರ್ಮದ ಕೆಳಗೆ ಎಷ್ಟು ಸೇರಿತು ಎನ್ನುವುದು ಅದಕ್ಕೆ ಗೊತ್ತೇ ಇರುವುದಿಲ್ಲ. ಇದನ್ನು ಮನದಟ್ಟು ಮಾಡಿಸುವುದಕ್ಕೇ ನನಗೆ ಹೆಚ್ಚು ಹೊತ್ತು ಬೇಕಾಗುತ್ತದೆ. ಹಾಸ್ಟೆಲಿನಲ್ಲಿದ್ದು ಓದುತ್ತಿರುವ ಒಬ್ಬ ಹುಡುಗಿಯ ಲೆಕ್ಕ ಇಟ್ಟುಕೊಂಡು ಹೇಳುತ್ತೇನೆ. ಅಂಕಿಗಳು ಅವಳವು, ನಿಮ್ಮವು ನಿಮ್ಮ ವೈದ್ಯರು ಬರೆದುಕೊಟ್ಟವೇ ಆಗಿರಬೇಕು.

ಅವಳಿಗೆ ದಿನಕ್ಕೆ ಒಟ್ಟು ಸುಮಾರು 40 ಯೂನಿಟ್ ಬೇಕು. ಪಂಪಿನೊಳಗೆ ಇರುವುದು ಬೇಗ ಕೆಲಸ ಮಾಡುವ ಇನ್ಸುಲಿನ್ ಒಂದೇ. ಇನ್ಸುಲಿನ್ ಚುಚ್ಚುವ ಪೆನ್ ಬಳಸುವವರು ದಿನಕ್ಕೊಮ್ಮೆ ಹಾಕಿಕೊಳ್ಳುವ ದೀರ್ಘಾವಧಿಯ ಇನ್ಸುಲಿನ್ ಅದರಲ್ಲಿಲ್ಲ. ಅದರ ಬದಲು ಪಂಪ್ ಈ ಬೇಗದ ಇನ್ಸುಲಿನ್ನನ್ನೇ ಹಗಲೂ ರಾತ್ರಿ ಚೂರುಚೂರಾಗಿ ತಳ್ಳುತ್ತಿರುತ್ತದೆ. ಇದೇ ಬೇಸಲ್. ಅವಳಿಗೆ ಮಧ್ಯರಾತ್ರಿಯಿಂದ ಬೆಳಗಿನ ಜಾವ 4ರವರೆಗೆ ಗಂಟೆಗೆ 0.6 ಯೂನಿಟ್, ಜಾವದಲ್ಲಿ ಹಾರ್ಮೋನುಗಳು ಶುಗರ್ ಏರಿಸುವುದರಿಂದ 4ರಿಂದ 9ರವರೆಗೆ 1.0; ಉಳಿದ ಹೊತ್ತು 0.7. ಕೂಡಿದರೆ ದಿನಕ್ಕೆ 18ರ ಹತ್ತಿರ ಬರುತ್ತದೆ.

ಬೇಸಲ್ ಸರಿಯಿದೆಯೇ ಎಂದು ತಿಳಿಯಬೇಕಾದರೆ ಊಟವೂ ಬೋಲಸ್ಸೂ, ಅಂದರೆ ಊಟದ ಹೊತ್ತಿಗೆ ಒಮ್ಮೆಲೇ ಹಾಕುವ ಡೋಸೂ, ಇಲ್ಲದ ಹೊತ್ತನ್ನು ನೋಡಬೇಕು. ರಾತ್ರಿ ಬೇಗ ಉಂಡು, ಬೋಲಸ್ ಹಾಕಿ ನಾಲ್ಕು ಗಂಟೆ ಕಳೆದ ಮೇಲೆ ಬೆಳಗಿನವರೆಗೆ ಶುಗರ್ 30ಕ್ಕಿಂತ ಹೆಚ್ಚು ಏರಿಳಿಯದಿದ್ದರೆ ರಾತ್ರಿಯ ಬೇಸಲ್ ಸರಿಯಿದೆ ಎಂದರ್ಥ. ಊಟದ ನಂತರ ಶುಗರ್ ಏರಿತೆಂದು ಬೇಸಲ್ ಹೆಚ್ಚಿಸುವವರನ್ನು ನೋಡುತ್ತಿರುತ್ತೇನೆ. ಆ ಏರಿಕೆಯನ್ನು ತಡೆಯಬೇಕಾದದ್ದು ಬೋಲಸ್.

ಬೋಲಸ್ ಊಟಕ್ಕೆ ಮತ್ತು ತಿದ್ದುಪಡಿಗೆ ಒಟ್ಟಿಗೆ ಹಾಕುವ ಡೋಸ್. ಅವಳಿಗೆ 12 ಗ್ರಾಂ ಕಾರ್ಬ್‌ಗೆ ಒಂದು ಯೂನಿಟ್, ಒಂದು ಯೂನಿಟ್ ಶುಗರನ್ನು ಸುಮಾರು 45 ಇಳಿಸುತ್ತದೆ, ಗುರಿ 105. ಮೆಸ್ಸಿನಲ್ಲಿ ಮೂರು ಇಡ್ಲಿ, ಒಂದು ಬಟ್ಟಲು ಸಾಂಬಾರ್ ಎಂದರೆ ಅಂದಾಜು 48 ಗ್ರಾಂ ಕಾರ್ಬ್, ಅದಕ್ಕೆ 4 ಯೂನಿಟ್. ತಿನ್ನುವ ಮುಂಚೆ ಶುಗರ್ 195 ಇದ್ದರೆ ಗುರಿಗಿಂತ 90 ಹೆಚ್ಚು, ಅದಕ್ಕೆ 2. ಒಟ್ಟು 6 ಯೂನಿಟ್, ತಿನ್ನಲು ಕೂರುವ 15 ನಿಮಿಷ ಮುಂಚೆ. ಈ ಇನ್ಸುಲಿನ್ ಮೂರು-ನಾಲ್ಕು ಗಂಟೆ ಕೆಲಸ ಮಾಡುತ್ತಿರುತ್ತದೆ. ಅಷ್ಟರೊಳಗೆ ಮತ್ತೆ ಡೋಸ್ ಕೇಳಿದರೆ ಪಂಪ್ ಮೈಯಲ್ಲಿ ಇನ್ನೂ ಉಳಿದಿರುವುದನ್ನು ಕಳೆದು ಉತ್ತರ ಹೇಳುತ್ತದೆ. ಶುಗರ್ ಒಮ್ಮೆಲೇ ಕುಸಿಯದಂತೆ ಕಾಯುವುದು ಈ ಕಳೆಯುವ ಲೆಕ್ಕವೇ. ಆದರೆ ಹಿಂದಿನ ಡೋಸ್ ಮೈಗೆ ಸೇರಿಯೇ ಇಲ್ಲದಿದ್ದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಅವಳಿಗೆ ಆದದ್ದು ಅದೇ. ರಾತ್ರಿ ಮಲಗುವ ಮುಂಚೆ ಹೊಸ ಸೆಟ್, ಅಂದರೆ ಪಂಪಿನಿಂದ ಚರ್ಮದೊಳಗೆ ಇನ್ಸುಲಿನ್ ಒಯ್ಯುವ ಟ್ಯೂಬ್ ಮತ್ತು ಕೊಳವೆ, ಚುಚ್ಚಿಕೊಂಡಳು. ಜಾವ 3ಕ್ಕೆ ಸೆನ್ಸರ್ ಕೂಗಿತು, ಶುಗರ್ 285. ಪಂಪಿನಿಂದ 4 ಯೂನಿಟ್ ಕೊಟ್ಟು ಮಲಗಿದಳು. 6ಕ್ಕೆ ಎದ್ದಾಗ 342, ಹೊಟ್ಟೆ ತೊಳಸುತ್ತಿತ್ತು. ಫೋನ್ ಮಾಡಿ, "ಮೇಡಂ, ಪಂಪ್ ಕೊಟ್ಟಿದೆ ಅಂತಲೇ ತೋರಿಸ್ತಿದೆ, ಅಲಾರಂ ಏನೂ ಬಂದಿಲ್ಲ" ಎಂದಳು.

"ಕೀಟೋನ್ ನೋಡಮ್ಮ ಮೊದಲು, ಪಂಪ್ ಆಮೇಲೆ ನೋಡೋಣ" ಅಂದೆ.

ಇನ್ಸುಲಿನ್ ಸಾಲದಾಗ ಮೈ ಕೊಬ್ಬನ್ನು ಕರಗಿಸಿ, ರಕ್ತವನ್ನು ಆಮ್ಲವಾಗಿಸುವ ಕೀಟೋನ್ ಉಂಟುಮಾಡುತ್ತದೆ. ಅವಳ ರಕ್ತದ ಕೀಟೋನ್ 1.8 ಇತ್ತು. 0.6ಕ್ಕಿಂತ ಕಡಿಮೆ ಇರಬೇಕಾದದ್ದು, 1.5 ದಾಟಿದರೆ ವೈದ್ಯರಿಗೆ ಹೇಳಲೇಬೇಕು. 3 ಮುಟ್ಟಿದರೆ ಅಥವಾ ವಾಂತಿ ನಿಲ್ಲದಿದ್ದರೆ ನೇರ ಎಮರ್ಜೆನ್ಸಿಗೆ ಹೋಗಬೇಕು. ಮೈಯಲ್ಲಿ ದೀರ್ಘಾವಧಿಯ ಇನ್ಸುಲಿನ್ ಇಲ್ಲದ್ದರಿಂದ ಪಂಪಿನ ಹರಿವು ನಿಂತ ಕೆಲವೇ ಗಂಟೆಗಳಲ್ಲಿ ಕೀಟೋನ್ ಏರತೊಡಗುತ್ತದೆ. ಮೂತ್ರದ ಪಟ್ಟಿ ಇದ್ದರೆ ಅದಾದರೂ ಸರಿ, ಆದರೆ ಅದು ಆಗಿಹೋದದ್ದನ್ನು ತಡವಾಗಿ ತೋರಿಸುತ್ತದೆ.

ಪಂಪ್ 3 ಗಂಟೆಯ ಡೋಸಿನಲ್ಲಿ ಸ್ವಲ್ಪ ಇನ್ನೂ ಮೈಯಲ್ಲಿದೆ ಎಂದು ನಂಬಿ 4.3 ಯೂನಿಟ್ ಸಾಕು ಎನ್ನುತ್ತಿತ್ತು. ಆ ಡೋಸ್ ಸೇರಿಲ್ಲ ಎಂದುಕೊಂಡು ಲೆಕ್ಕ ಹಾಕಿದರೆ 342ರಿಂದ 105 ಕಳೆದು 45ರಿಂದ ಭಾಗಿಸಿ 5.3 ಬರುತ್ತದೆ. ಕೀಟೋನ್ ಇದ್ದುದರಿಂದ ವೈದ್ಯರು ಅದಕ್ಕಿಂತ ಹೆಚ್ಚು, 7 ಯೂನಿಟ್ ಹೇಳಿದರು, ಅದೂ ಪೆನ್ನಿನಿಂದ. ಈ ಕ್ರಮ ಮುಖ್ಯ: ಮೊದಲು ಪೆನ್ನಿನಿಂದ ಡೋಸ್, ನಂತರ ಸೆಟ್ ಬದಲು. ಸೆಟ್ಟಿನ ಜೊತೆ ತಿಣುಕಾಡುತ್ತ ಕೂತರೆ ಅಷ್ಟು ಹೊತ್ತು ಇನ್ಸುಲಿನ್ ಇಲ್ಲದೆ ಕಳೆದುಹೋಗುತ್ತದೆ.

ಹಳೆಯ ಸೆಟ್ ತೆಗೆದಾಗ ಕ್ಯಾನುಲಾ, ಅಂದರೆ ಚರ್ಮದೊಳಗೆ ಇರುವ ಮೆತ್ತನೆಯ ಸಣ್ಣ ಕೊಳವೆ, ಮಡಚಿಕೊಂಡಿತ್ತು. ಅಲಾರಂ ಏಕೆ ಬರಲಿಲ್ಲ ಎಂದರೆ, ಟ್ಯೂಬಿನೊಳಗೆ ಒತ್ತಡ ಕಟ್ಟಿಕೊಂಡಾಗ ಮಾತ್ರ ಪಂಪಿಗೆ ತಡೆ ಗೊತ್ತಾಗುತ್ತದೆ. ಗಂಟೆಗೆ 0.6 ಯೂನಿಟ್ ಹರಿವಿನಲ್ಲಿ ಅಷ್ಟು ಒತ್ತಡ ಕಟ್ಟಲು ಗಂಟೆಗಳೇ ಬೇಕು. ಇನ್ಸುಲಿನ್ ಪಕ್ಕದಿಂದ ಸೋರಿ ಹೊರಗೆ ಬರುತ್ತಿದ್ದರಂತೂ ಒತ್ತಡವೇ ಇಲ್ಲ, ಅಲಾರಂ ಬರುವ ಮಾತೂ ಇಲ್ಲ. ಆಗ ಸುಳಿವು ಸಿಗುವುದು ಒದ್ದೆಯಾದ ಅಂಟುಪಟ್ಟಿ, ಔಷಧದ ವಾಸನೆ, ಟ್ಯೂಬಿನಲ್ಲಿ ರಕ್ತ, ಚುಚ್ಚಿದಲ್ಲಿ ನೋವು ಇವುಗಳಿಂದಲೇ. ಸೆನ್ಸರ್ ನೋಡಿ ತಾನೇ ಬೇಸಲ್ ಏರಿಸುವ ಹೊಸ ಪಂಪ್‌ಗಳಲ್ಲೂ ಈ ತೊಂದರೆ ತಪ್ಪಿದ್ದಲ್ಲ. ಅವು ಕಟ್ಟಿಹೋದ ಕೊಳವೆಗೇ ಇನ್ನಷ್ಟು ತಳ್ಳುತ್ತವೆ.

ಆದ್ದರಿಂದ ನಾನು ಕಲಿಸುವುದು ಹೀಗೆ: ಶುಗರ್ 250 ದಾಟಿದಾಗ ಕೀಟೋನ್ ನೋಡಿ. ಕೀಟೋನ್ ಇಲ್ಲದಿದ್ದರೆ ಪಂಪಿನಿಂದ ಒಂದು ತಿದ್ದುಪಡಿ ಡೋಸ್ ಕೊಡಬಹುದು, ಒಂದೇ. ಒಂದೆರಡು ಗಂಟೆಯಲ್ಲಿ ಇಳಿಯದಿದ್ದರೆ, ಅಥವಾ ಕೀಟೋನ್ ಮೊದಲೇ ಇದ್ದರೆ, ಸೆಟ್ ಕೆಟ್ಟಿದೆ ಎಂದೇ ತಿಳಿದು ಪೆನ್ ಕೈಗೆತ್ತಿಕೊಳ್ಳಿ. ಆಮೇಲೆ ಇನ್ಸುಲಿನ್ ತುಂಬಿರುವ ರಿಸರ್ವಾಯರ್, ಟ್ಯೂಬ್, ಕ್ಯಾನುಲಾ, ಚುಚ್ಚುವ ಜಾಗ ಎಲ್ಲವನ್ನೂ ಬದಲಿಸಿ. ಅವಳು ಹಾಗೆ ಮಾಡಿ, ನೀರು ಕುಡಿಯುತ್ತ ಗಂಟೆಗೊಮ್ಮೆ ಶುಗರ್ ನೋಡಿಕೊಂಡಳು. 8ಕ್ಕೆ 260, ಕೀಟೋನ್ 1.1, 10ರ ಹೊತ್ತಿಗೆ 170, ಕೀಟೋನ್ 0.5.

ಸೆಟ್ಟನ್ನು ಎರಡು-ಮೂರು ದಿನಕ್ಕೊಮ್ಮೆ ಬೆಳಿಗ್ಗೆಯೇ ಬದಲಿಸಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಎಚ್ಚರವಿರುವ ಹೊತ್ತಿನಲ್ಲಿ ಬದಲಿಸಿದರೆ ಎರಡು ಗಂಟೆ ಬಿಟ್ಟು ಶುಗರ್ ನೋಡಬಹುದು. ಹೊಕ್ಕುಳಿನಿಂದ ಎರಡು ಇಂಚು ದೂರ, ಹಿಂದಿನ ಜಾಗದಿಂದಲೂ ದೂರ, ಗಂಟು ಕಟ್ಟಿದಲ್ಲಿ ಬೇಡ. ಟ್ಯೂಬ್ ತುಂಬಿಸುವಾಗ ಅದು ಮೈಗೆ ಜೋಡಿಸಿರಲೇಬಾರದು, ಇಲ್ಲದಿದ್ದರೆ ಟ್ಯೂಬಿಗೆಂದು ಬಿಟ್ಟ ಇನ್ಸುಲಿನ್ ಅಷ್ಟೂ ಮೈಗೆ ಹೋಗುತ್ತದೆ.

ಪಂಪೇ ಪೂರ್ತಿ ನಿಂತುಹೋದರೆ ಹೊಸದು ಬರುವವರೆಗೆ ಇಂಜೆಕ್ಷನ್ನಿನಲ್ಲೇ ನಡೆಸಬೇಕು. ಅವಳ ಡೈರಿಯಲ್ಲಿ ವೈದ್ಯರು ಬರೆದದ್ದು ದೀರ್ಘಾವಧಿಯ ಇನ್ಸುಲಿನ್ ಆದ ಗ್ಲಾರ್ಜಿನ್ 18 ಯೂನಿಟ್, ಅಂದರೆ ದಿನದ ಬೇಸಲ್ಲಿನಷ್ಟೇ, ಜೊತೆಗೆ ಊಟಕ್ಕೆ ಪೆನ್. ಗ್ಲಾರ್ಜಿನ್ ಹಿಡಿಯಲು ಒಂದೆರಡು ಗಂಟೆ ಬೇಕಾದ್ದರಿಂದ ನಡುವಿನ ಹೊತ್ತಿಗೆ ಬೇಗದ ಇನ್ಸುಲಿನ್ ಬೇಕಾಗಬಹುದು. ಬೇಸಲ್, ಕಾರ್ಬ್ ಅನುಪಾತ, ತಿದ್ದುಪಡಿಯ ಅಂಕಿ ಎಲ್ಲ ಕಾಗದದ ಮೇಲೆ ಇರಲಿ. ಹೊಸ ಪಂಪ್ ಖಾಲಿ ಬರುತ್ತದೆ. ಹೊಸ ಪಂಪ್ ಬಂದ ಕೂಡಲೇ ಬೇಸಲ್ ಶುರು ಮಾಡಬಾರದು. ಇಂದು ಬೆಳಿಗ್ಗೆ 9ಕ್ಕೆ ಗ್ಲಾರ್ಜಿನ್ ಹಾಕಿಕೊಂಡಿದ್ದರೆ ನಾಳೆ 9ರ ಸುಮಾರಿಗೆ ಅದು ತೀರುವವರೆಗೆ ಬೇಸಲ್ ಸೊನ್ನೆ ಇಟ್ಟು ಬೋಲಸ್ ಮಾತ್ರ ಬಳಸಬೇಕು.

ಇನ್ನೊಂದು ಮಾತು ನಮ್ಮ ಮೆಡಿಕಲ್ ಸ್ಟೋರ್‌ಗಳಿಗೆ ಸಂಬಂಧಿಸಿದ್ದು. ಪಂಪಿನ ಇನ್ಸುಲಿನ್ ಯು-100, ಅಂದರೆ ಒಂದು ಮಿಲೀಗೆ 100 ಯೂನಿಟ್. ಪೆನ್ ಇಲ್ಲದೆ ಸಿರಿಂಜ್ ತರಿಸಿದರೆ ಅಂಗಡಿಯವರು ಕೆಂಪು ಮುಚ್ಚಳದ ಯು-40 ಕೊಟ್ಟುಬಿಡಬಹುದು. ಅದರಲ್ಲಿ 4ರ ಗೆರೆಗೆ ಎಳೆದರೆ ಮೈಗೆ ಹೋಗುವುದು 10 ಯೂನಿಟ್. ಕಿತ್ತಳೆ ಮುಚ್ಚಳದ ಯು-100 ಸಿರಿಂಜನ್ನೇ ಕೇಳಿ ತಂದು, ಪಂಪಿನ ಚೀಲದಲ್ಲಿ ಮೊದಲೇ ಇಟ್ಟುಕೊಳ್ಳಿ.